lim ಬರಹವನ್ನು ಬಾಯಲ್ಲಿ ಓದುವುದು ಹೇಗೆ?

ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿಯುಸಿ ಸೈನ್ಸ್ ಸೇರಿದ್ದೇನೆ. ಲಿಮಿಟ್ ಬರೆದದ್ದನ್ನು ಹೇಗೆ ಓದಬೇಕು, ಒಂದೊಂದು ಚಿಹ್ನೆಗೂ ಏನರ್ಥ?

ಉತ್ತರ: ಈ ಲೆಕ್ಕ ನೋಡಿ:

```
lim   (x² − 9)/(x − 3) = 6
x→3
```

ಕ್ಲಾಸಿನಲ್ಲಿ ಇದನ್ನು ‘ಲಿಮಿಟ್ ಎಕ್ಸ್ ಟೆಂಡ್ಸ್ ಟು ತ್ರೀ’ ಎಂದು ಶುರು ಮಾಡಿ, ಆಮೇಲೆ ಪಕ್ಕದ ಭಿನ್ನರಾಶಿ ಓದುತ್ತಾರೆ. ಅರ್ಥವಾಗಬೇಕಾದರೆ ಮನಸ್ಸಿನಲ್ಲಿ ಹೀಗೆ ಹೇಳಿಕೊಳ್ಳಿ: ‘x ಬೆಲೆ 3ಕ್ಕೆ ಹತ್ತಿರ ಹತ್ತಿರ ಹೋದಂತೆ, ಈ ಭಿನ್ನರಾಶಿಯ ಬೆಲೆ 6ಕ್ಕೆ ಹತ್ತಿರವಾಗುತ್ತದೆ.’

ಕೆಳಗಿನ x ಎಂದರೆ ಬದಲಾಗುತ್ತಿರುವ ಸಂಖ್ಯೆ, 3 ಎಂದರೆ ಅದು ಸಮೀಪಿಸುವ ಜಾಗ. ಪುಸ್ತಕದಲ್ಲಿ ಸಾಮಾನ್ಯ ರೂಪವಾಗಿ x→a ಎಂದು ಬರೆದಾಗ ಈ 3ರ ಜಾಗದಲ್ಲಿರುವುದೇ a. ಎಲ್ಲರೂ ಎಡವುವುದು ಬಾಣದಲ್ಲಿ. ಅದನ್ನು ‘ಸಮ’ ಎಂದು ಓದಿ x = 3 ಹಾಕಿದರೆ 0/0 ಬರುತ್ತದೆ, ಲೆಕ್ಕ ಅಲ್ಲೇ ನಿಲ್ಲುತ್ತದೆ. ಬಾಣ ಹೇಳುವುದು ಹತ್ತಿರ ಹೋಗು ಅಂತ, 3 ಆಗು ಅಂತಲ್ಲ. 2.9 ಹಾಕಿ, 5.9 ಬರುತ್ತದೆ. 2.99ಕ್ಕೆ 5.99. ಆ ಕಡೆಯಿಂದ 3.01 ಹಾಕಿದರೆ 6.01. ಮೇಲಿನ x² − 9 ಎಂದರೆ (x − 3)(x + 3). x 3 ಅಲ್ಲದ್ದರಿಂದಲೇ (x − 3) ಸೊನ್ನೆಯಲ್ಲ, ಅದನ್ನು ಮೇಲೆ ಕೆಳಗೆ ಹೊಡೆದುಹಾಕಬಹುದು. ಉಳಿಯುವುದು x + 3, ಇದರಲ್ಲಿ x ಜಾಗಕ್ಕೆ 3 ಹಾಕಿದರೆ ಲಿಮಿಟ್ 6 ಸಿಗುತ್ತದೆ.

ಸಮಚಿಹ್ನೆ ಇರುವುದು ಇಡೀ ಲಿಮಿಟ್‌ಗೆ. ಲಿಮಿಟ್ ಸರಿಯಾಗಿ 6, ಸುಮಾರು 6 ಅಲ್ಲ; x = 3ರಲ್ಲಿ ಮಾತ್ರ ಆ ಭಿನ್ನರಾಶಿಗೆ ಬೆಲೆಯೇ ಇಲ್ಲ. ಹಾಗಾಗಿ ಬೆಲೆ ಹಾಕುವ ತನಕ ಪ್ರತಿ ಸಾಲಿನಲ್ಲೂ lim ಬರೆಯಿರಿ, ಹಾಕಿದ ಮೇಲೆ ಬಿಡಿ.

ಮುಂದೆ 3⁻ ಕಂಡರೆ ಅದು ಮೈನಸ್ 3 ಅಲ್ಲ, ಎಡಗಡೆಯಿಂದ, ಅಂದರೆ 3ಕ್ಕಿಂತ ಕಡಿಮೆ ಬೆಲೆಗಳಿಂದ ಹತ್ತಿರ ಹೋಗುವುದು. 3⁺ ಬಲಗಡೆಯಿಂದ. ಗುರುತೇ ಇಲ್ಲದಿದ್ದರೆ ಎರಡೂ ಕಡೆಯಿಂದ ಒಂದೇ ಉತ್ತರ ಬರಬೇಕು.