ಗಡೀಪಾರಿನ ಎಳೆಯನ್ನು ಎಲ್ಲಿಂದ ಹಿಡಿಯಬೇಕು?

ಪ್ರಶ್ನೆ: ನಮ್ಮ ಸಭೆಯ ವಯಸ್ಕರ ಸತ್ಯವೇದ ತರಗತಿಯಲ್ಲಿ ಗಡೀಪಾರು ಎಂಬ ಒಂದೇ ವಿಷಯವನ್ನು ಆದಿಕಾಂಡದಿಂದ ಪ್ರಕಟನೆಯವರೆಗೆ ಕಲಿಸಬೇಕೆಂದಿದ್ದೇನೆ. ಬರುವವರೆಲ್ಲ ವರ್ಷಗಟ್ಟಲೆ ಓದಿದವರು. ಎಲ್ಲಿಂದ ಆರಂಭಿಸಲಿ?

ಆದಿಕಾಂಡದಿಂದ ಆರಂಭಿಸಬೇಡಿ, ಧರ್ಮೋಪದೇಶಕಾಂಡ 28ರಿಂದ 30ರವರೆಗಿನ ಅಧ್ಯಾಯಗಳಿಂದ ಆರಂಭಿಸಿ. ಒಡಂಬಡಿಕೆಯನ್ನು ಮುರಿದ ಜನರು ದೇಶದಿಂದ ಚದರಿಹೋಗುವರು, ತಿರುಗಿಕೊಂಡರೆ ದೇವರು ಅವರನ್ನು ಮರಳಿ ಕೂಡಿಸುವನು ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ. ಅದು ಕೈಯಲ್ಲಿದ್ದರೆ ಯಾವ ಅಲೆದಾಟ ಗಡೀಪಾರು, ಯಾವುದು ಅಲ್ಲ ಎಂದು ತರಗತಿಯೇ ನಿರ್ಣಯಿಸಬಲ್ಲದು. ಅಬ್ರಹಾಮನು ಊರು ಬಿಟ್ಟದ್ದು ಕರೆಗೆ ಓಗೊಟ್ಟು, ಯಾಕೋಬನ ಮನೆಯವರು ಐಗುಪ್ತಕ್ಕೆ ಇಳಿದದ್ದು ಬರಗಾಲದಿಂದ. ಇವೆರಡನ್ನೂ ಗಡೀಪಾರೆಂದು ಕರೆದರೆ ವಿಷಯ ಹಿಗ್ಗಿ ಹುರುಳು ಕಳೆದುಕೊಳ್ಳುತ್ತದೆ. ಆದಾಮನನ್ನು ಹೊರಹಾಕಿದ ಆದಿಕಾಂಡ 3ರಲ್ಲಿಯಾದರೋ ಅಪ್ಪಣೆ, ಉಲ್ಲಂಘನೆ, ಹೊರದೂಡುವಿಕೆ ಮೂರೂ ಇರುವುದರಿಂದ, ಅನಂತರ ಅಲ್ಲಿಗೆ ಹಿಂದಿರುಗಿದಾಗ ಓದುಗರಿಗೆ ಅದು ತಾನಾಗಿ ಕಾಣುತ್ತದೆ.

ಹೆಚ್ಚಿನ ಸಮಯವನ್ನು ಯೆರೆಮೀಯ 28 ಮತ್ತು 29ಕ್ಕೆ ಕೊಡಿ. ಕ್ರಿ.ಪೂ. 597ರಲ್ಲಿ ಅರಸನಾದ ಯೆಹೋಯಾಖೀನನೂ ಸಾವಿರಾರು ಜನರೂ ಬಾಬೆಲಿಗೆ ಒಯ್ಯಲ್ಪಟ್ಟಿದ್ದರು, ಯೆರೂಸಲೇಮು ಇನ್ನೂ ನಿಂತಿತ್ತು. ಎರಡೇ ವರ್ಷಗಳಲ್ಲಿ ಎಲ್ಲರೂ ಮರಳುವರೆಂದು ಹನನ್ಯನು ದೇವಾಲಯದಲ್ಲಿ ಸಾರಿದನು. ಯೆರೆಮೀಯನ ಪತ್ರವಾದರೋ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತದೆ. ಬಹಳ ಮಂದಿಗೆ ಬಾಯಿಪಾಠವಾಗಿರುವ 29:11ನ್ನು ಅದರ ಹಿಂದಿನ ವಚನದೊಂದಿಗೆ ಓದಿಸಿ: ಅಲ್ಲಿ ಎಪ್ಪತ್ತು ವರ್ಷಗಳ ಮಾತಿದೆ. ಅಂದರೆ ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಆ ಬಿಡುಗಡೆಯನ್ನು ಕಾಣುವ ಮೊದಲೇ ತೀರಿಹೋಗುವರು. ಹಾಗಾದರೆ ಈ ನಿರೀಕ್ಷೆ ಯಾರದು ಎಂದು ಕೇಳಿ, ಉತ್ತರಕ್ಕೆ ಅವಸರಿಸದೆ ಚರ್ಚೆಗೆ ಬಿಡಿ.

ಸಾಮಾನ್ಯವಾಗಿ ಎಳೆ ತುಂಡಾಗುವುದು ಕೋರೆಷನ ಅಪ್ಪಣೆಯ ಬಳಿ. ಜನರು ಮರಳಿದರು, ಆಲಯ ಕಟ್ಟಿದರು, ಕಥೆ ಮುಗಿಯಿತು ಎಂದು ತರಗತಿಗಳು ಅಲ್ಲಿಂದ ನೇರವಾಗಿ ಮತ್ತಾಯನ ಸುವಾರ್ತೆಗೆ ಹಾರುತ್ತವೆ. ಆದರೆ ಎಜ್ರ 3:12ರಲ್ಲಿ ಹಳೆಯ ಆಲಯವನ್ನು ಕಂಡಿದ್ದ ಮುದುಕರು ಅಳುತ್ತಾರೆ. ನೆಹೆಮೀಯ 9:36ರಲ್ಲಿ ಸ್ವದೇಶದ ಮಣ್ಣಿನಲ್ಲಿ ನಿಂತವರೇ ತಾವು ಈಗಲೂ ದಾಸರೆಂದು ಅರಿಕೆ ಮಾಡುತ್ತಾರೆ. ದೇಶ ಸಿಕ್ಕಿತು, ಧರ್ಮೋಪದೇಶಕಾಂಡ 30ರ ವಾಗ್ದಾನ ಪೂರ್ತಿಯಾಗಲಿಲ್ಲ. ಮತ್ತಾಯನು ವಂಶಾವಳಿಯಲ್ಲಿ ಅಬ್ರಹಾಮ, ದಾವೀದರ ಜೊತೆಗೆ ಬಾಬೆಲಿನ ಸೆರೆಯನ್ನೂ ಒಂದು ಘಟ್ಟವಾಗಿ ಇಡುವುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಅದನ್ನೂ ತರಗತಿಗೆ ತಿಳಿಸಿ.

ಪೇತ್ರನ ಮೊದಲನೆಯ ಪತ್ರವನ್ನು ಯೆರೆಮೀಯನ ಪತ್ರದ ಪಕ್ಕದಲ್ಲಿಟ್ಟು ಓದಿಸಿ. ಅದು ಚದರಿದ ಪ್ರವಾಸಿಗಳನ್ನು ಸಂಬೋಧಿಸಿ ಆರಂಭವಾಗಿ, ಬಾಬೆಲಿನಿಂದ ಬಂದ ವಂದನೆಯೊಂದಿಗೆ ಮುಗಿಯುತ್ತದೆ. ನಡುವೆ ಅನ್ಯರ ಮಧ್ಯದಲ್ಲಿ ಒಳ್ಳೆಯದನ್ನು ಮಾಡುತ್ತ ಬಾಳುವ ಬುದ್ಧಿವಾದವಿದೆ. ವಾರಗಳು ಸಾಲದಿದ್ದರೆ ದಾನಿಯೇಲನನ್ನು ಬಿಟ್ಟರೂ ಚಿಂತೆಯಿಲ್ಲ, ನೆಹೆಮೀಯ 9ನ್ನು ಬಿಡಬೇಡಿ.