ರಂಜಾನ್ ಮುಗಿದ ದಿನ ಸಹೋದ್ಯೋಗಿಗೆ ಏನು ಹೇಳಬೇಕು?

"ಪುಣೆಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಪಕ್ಕದ ಟೇಬಲ್ಲಿನ ಹಿರಿಯ ಮೇಡಂ ತಿಂಗಳಿಡೀ ರೋಜಾ ಇದ್ದಾರೆ. ಸೊಲ್ಲಾಪುರದ ಕಡೆಯವರು, ಕನ್ನಡ ಬರುತ್ತದೆ. ಹಬ್ಬಕ್ಕೆ ಅವರಿಗೆ ಹೇಗೆ ವಿಶ್ ಮಾಡಿದರೆ ಮರ್ಯಾದೆಯಾಗಿ ಇರುತ್ತದೆ? 'ಹ್ಯಾಪಿ ರಂಜಾನ್' ಅಂದರೆ ನಡೆಯುತ್ತದಾ?"

"ಈದ್ ಮುಬಾರಕ್ ರೀ ಮೇಡಂ" ಅನ್ನಿ. ಅಷ್ಟು ಸಾಕು, ಅದು ಪೂರ್ತಿ ಮಾತು. ನಾನು ವಿಜಯಪುರದವನು, ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಲ್ಲೂ ಇಲ್ಲಿಯೂ ನಾನು ಕೇಳಿರುವುದು, ಹೇಳಿರುವುದು ಇದನ್ನೇ.

"ಹ್ಯಾಪಿ ರಂಜಾನ್" ಯಾಕೆ ಬೇಡ ಅಂದರೆ, ರಂಜಾನ್ ಅನ್ನುವುದು ಉಪವಾಸದ ತಿಂಗಳಿನ ಹೆಸರು. ಹಬ್ಬ ಬರುವುದು ಅದರ ಮುಂದಿನ ತಿಂಗಳು ಶವ್ವಾಲ್‌ನ ಮೊದಲ ದಿನ. ಅವತ್ತಿಗೆ ರಂಜಾನ್ ಮುಗಿದಿರುತ್ತದೆ, ಹಬ್ಬದ ದಿನ ಉಪವಾಸ ಇರುವುದಕ್ಕೇ ಅವಕಾಶವಿಲ್ಲ. ಆದರೆ ಕನ್ನಡದಲ್ಲಿ "ರಂಜಾನ್ ಹಬ್ಬದ ಶುಭಾಶಯ" ಅಂದರೆ ತಪ್ಪು ಅಂತ ಯಾರೂ ಹಿಡಿಯುವುದಿಲ್ಲ. ನಮ್ಮ ಕಡೆ ಮುಸ್ಲಿಮರೇ "ರಂಜಾನ್ ಹಬ್ಬ" ಅನ್ನುತ್ತಾರೆ, ಮಹಾರಾಷ್ಟ್ರದ ರಜಾ ಪಟ್ಟಿಯಲ್ಲೂ "ರಮಜಾನ್ ಈದ್" ಅಂತಲೇ ಇರುತ್ತದೆ. ಅದರಲ್ಲಿ "ಹಬ್ಬ" ಅನ್ನುವ ಮಾತು ಇದೆಯಲ್ಲ, ಅದೇ ಅರ್ಥವನ್ನು ಸರಿಯಾಗಿ ಹಿಡಿದುಕೊಂಡಿದೆ. ಮರಾಠಿಯವರು ಕೂತಿರುವ ಕಡೆ ಮಾತಾಡಬೇಕಾದರೆ "ಈದಚ್ಯಾ ಶುಭೇಚ್ಛಾ" ಅನ್ನಿ, ಆಫೀಸಿನಲ್ಲಿ ದಿನವೂ ಓಡಾಡುವ ಮಾತು ಅದು.

ಇನ್ನೊಂದು ಸಣ್ಣ ವಿಷಯ. ಫ್ಲೆಕ್ಸ್‌ಗಳಲ್ಲಿ "ಈದ್ ಮುಬಾರಕ್ ಹಬ್ಬದ ಶುಭಾಶಯಗಳು" ಅಂತ ಬರೆದಿರುತ್ತಾರೆ. ಮುಬಾರಕ್ ಅಂದರೇನೇ ಶುಭವಾಗಲಿ, ಬರಕತ್ತು ಇರಲಿ ಅಂತ ಅರ್ಥ. ಹೀಗೆ ಬರೆದರೆ ಒಂದೇ ಹಾರೈಕೆಯನ್ನು ಎರಡು ಸಲ ಜೋಡಿಸಿದ ಹಾಗೆ. ನೀವು ಬರೆಯುವಾಗ ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ.

ಗೌರವ ಕಾಣುವುದು ನೀವು ಅವರನ್ನು ಕರೆಯುವ ರೀತಿಯಲ್ಲಿ, ಉದ್ದುದ್ದ ಅರಬ್ಬಿ ಮಾತಿನಲ್ಲಲ್ಲ. ವರ್ಷವಿಡೀ "ಮೇಡಂ" ಅಂದವರನ್ನು ಅವತ್ತೂ "ಮೇಡಂ" ಅನ್ನಿ. ಅವರೇ "ಆಪಾ ಅನ್ನಿ" ಅಂದಿದ್ದರೆ ಬೇರೆ ಮಾತು. ಬೇರೆ ದಿನಗಳಲ್ಲಿ "ಸರ್" ಅನ್ನುವವರು ಹಬ್ಬದ ದಿನ ಮಾತ್ರ "ಭಾಯಿಜಾನ್" ಅಂತ ಶುರು ಮಾಡಿದರೆ ಅದು ವೇಷ ಹಾಕಿದ ಹಾಗೆ ಕೇಳಿಸುತ್ತದೆ. ಈದ್ ನಮಾಜು ಮುಗಿಸಿ ಬಂದವರು ತಮ್ಮ ತಮ್ಮಲ್ಲಿ "ತಕಬ್ಬಲಲ್ಲಾಹು ಮಿನ್ನಾ ವ ಮಿನ್ಕುಂ" ಅನ್ನುವುದುಂಟು. ಅಲ್ಲಾಹನು ನಮ್ಮಿಂದಲೂ ನಿಮ್ಮಿಂದಲೂ ಸ್ವೀಕರಿಸಲಿ ಅಂತ ಅದರ ಅರ್ಥ. ಅದರೊಳಗೆ "ನಾವೂ ಉಪವಾಸ ಇದ್ದೆವು, ಪ್ರಾರ್ಥನೆ ಮಾಡಿದೆವು" ಅನ್ನುವುದು ಸೇರಿಕೊಂಡಿದೆ. ನಾವು ಅದನ್ನು ಹೇಳಿದರೆ ಯಾರೂ ಬೈಯುವುದಿಲ್ಲ, ಆದರೆ ನಮ್ಮ ಬಾಯಲ್ಲಿ ಆ ಮಾತಿಗೆ ಅರ್ಥ ಕೂಡುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಹಬ್ಬಕ್ಕೆ ಶುಭಾಶಯ ಹೇಳಿ, ಉಪವಾಸದ ಲೆಕ್ಕ ಕೇಳಬೇಡಿ. "ಮೂವತ್ತೂ ರೋಜಾ ಹಿಡಿದ್ರಾ ಮೇಡಂ?" ಅಂತ ಪ್ರೀತಿಯಿಂದಲೇ ಕೇಳುವವರನ್ನು ನೋಡಿದ್ದೇನೆ. ಹೆಂಗಸರಿಗೆ ಇದು ತುಂಬ ಮುಜುಗರದ ಪ್ರಶ್ನೆ. ಮುಟ್ಟಿನ ದಿನಗಳಲ್ಲಿ ಅವರು ರೋಜಾ ಇರುವಂತಿಲ್ಲ. ತಪ್ಪಿದ ಅಷ್ಟು ದಿನಗಳನ್ನು ಮುಂದೆ ಯಾವಾಗಲಾದರೂ ಇದ್ದು ತೀರಿಸುತ್ತಾರೆ. ಕಾಯಿಲೆ, ಬಸಿರು, ಪ್ರಯಾಣ, ಇವಕ್ಕೂ ವಿನಾಯಿತಿ ಇದೆ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಬೇಡ ಅಂದಿರಬಹುದು. ಹಾಗಾಗಿ "ಎಷ್ಟು ರೋಜಾ?" ಅಂತ ಕೇಳಿದರೆ ಎದುರಿಗಿದ್ದವರು ಒಂದೋ ಸುಳ್ಳು ಹೇಳಬೇಕು, ಇಲ್ಲವೇ ನಾಲ್ಕು ಜನರ ಎದುರು ತಮ್ಮ ದೇಹದ ವಿಷಯ ಬಿಚ್ಚಬೇಕು. ನಮ್ಮ ಆಫೀಸಿನಲ್ಲಿ ಒಬ್ಬರು ಒಮ್ಮೆ ಊಟದ ಹೊತ್ತಿನಲ್ಲಿ ಸಹೋದ್ಯೋಗಿ ಹೆಂಗಸೊಬ್ಬರನ್ನು ಹೀಗೆ ಕೇಳಿದ್ದಕ್ಕೆ ಆಕೆ ಉತ್ತರಿಸದೆ ನೀರಿನ ಬಾಟಲಿ ತೆಗೆದುಕೊಂಡು ಎದ್ದು ಹೋದರು. ಕೇಳಿದವರಿಗೆ ಏನಾಯಿತು ಅಂತ ತಿಳಿಯಲೇ ಇಲ್ಲ, ಆಮೇಲೆ ನಾನು ಪಕ್ಕಕ್ಕೆ ಕರೆದು ಹೇಳಬೇಕಾಯಿತು.

ಇದೇ ಕಾರಣಕ್ಕೆ ಹಾರೈಕೆಯನ್ನು ಒಂದು ಸಾಲು ಮುಂದುವರಿಸಬೇಕು ಅನಿಸಿದರೆ "ನಿಮ್ಮ ರೋಜಾ ಕಬೂಲ್ ಆಗಲಿ" ಅನ್ನುವುದಕ್ಕಿಂತ "ನಿಮ್ಮ ಇಬಾದತ್ ಕಬೂಲ್ ಆಗಲಿ" ಅನ್ನುವುದು ನನಗೆ ಇಷ್ಟ. ಇಬಾದತ್ ಅಂದರೆ ಎಲ್ಲ ಬಗೆಯ ಆರಾಧನೆಯೂ ಬಂತು: ನಮಾಜು, ಕುರಾನ್ ಓದಿದ್ದು, ಹಬ್ಬದ ನಮಾಜಿಗೆ ಮುಂಚೆ ಬಡವರಿಗೆ ಫಿತ್ರಾ ಕೊಟ್ಟದ್ದು. ರೋಜಾ ಇರಲಾಗದವರಿಗೂ ಅದು ಸಲ್ಲುತ್ತದೆ. ಅಚ್ಚ ಕನ್ನಡದಲ್ಲೇ ಬೇಕೆಂದರೆ "ನಿಮ್ಮ ಪ್ರಾರ್ಥನೆ ಫಲಿಸಲಿ" ಅನ್ನಿ. "ಅಂತೂ ಉಪವಾಸ ಮುಗೀತಲ್ಲ, ಇನ್ನು ಆರಾಮ" ಅನ್ನಬೇಡಿ. ಎಷ್ಟೋ ಜನ ಆ ತಿಂಗಳು ಹೋಯಿತಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ಅದು ಕಳಚಿದ ಭಾರ ಅಲ್ಲ.

ದಿನದ ವಿಷಯದಲ್ಲಿಯೂ ಎಚ್ಚರ ಬೇಕು. ನಾನು ಇದನ್ನು ಕಲಿತದ್ದು 2024ರಲ್ಲಿ. ಆಗ ನಮ್ಮ ತಂಡದಲ್ಲಿ ಇಬ್ಬರು ಮುಸ್ಲಿಂ ಸಹೋದ್ಯೋಗಿಗಳಿದ್ದರು. ಒಬ್ಬರು ಮಂಗಳೂರಿನವರು, ರಜೆ ಹಾಕಿ ಊರಿಗೆ ಹೋಗಿದ್ದರು. ಇನ್ನೊಬ್ಬರು ಇಲ್ಲೇ ಕೊಂಢ್ವಾದವರು. ಆ ವರ್ಷದ ಯುಗಾದಿ ಏಪ್ರಿಲ್ 9ರಂದು. ಆ ಸಂಜೆ ಕೇರಳದಲ್ಲಿ ಚಂದ್ರ ಕಂಡಿತು, ಕರಾವಳಿಯಲ್ಲಿ 29 ರೋಜಾಗೆ ತಿಂಗಳು ಮುಗಿದು 10ಕ್ಕೆ ಈದ್ ಆಯಿತು. ಪುಣೆಯಲ್ಲಿ ಕಾಣಲಿಲ್ಲ. ಇಲ್ಲಿಯವರು ಮೂವತ್ತನೇ ರೋಜಾ ಇದ್ದು 11ಕ್ಕೆ ಹಬ್ಬ ಮಾಡಿದರು. ಮಂಗಳೂರಿನವರು 10ರ ಬೆಳಿಗ್ಗೆ ಫೋಟೋ ಕಳಿಸಿದ್ದನ್ನು ನೋಡಿ ನಮ್ಮ ಗ್ರೂಪಿನಲ್ಲಿ ಇಬ್ಬರ ಹೆಸರನ್ನೂ ಸೇರಿಸಿ ಈದ್ ಮುಬಾರಕ್ ಹಾಕಿಬಿಟ್ಟೆವು. ಕೊಂಢ್ವಾದವರು ಆಗ ಬಾಯಿಗೆ ಒಂದು ಹನಿ ನೀರೂ ಹಾಕದೆ ಕೆಲಸ ಮಾಡುತ್ತ ಕೂತಿದ್ದರು. "ನಮ್ಮದು ನಾಳೆ ರೀ" ಅಂತ ಮೆತ್ತಗೆ ಅಂದರು. ನನಗೆ ಅವತ್ತು ನಿಜಕ್ಕೂ ನೋವಾಯಿತು. ಅವರ ಕೊನೆಯ ರೋಜಾ ನಡೆದಿರುವಾಗಲೇ ನಾವು ಅದನ್ನು ಮುಗಿಸಿಬಿಟ್ಟಿದ್ದೆವು.

ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿರುವ ದಿನ ಅಂದಾಜಿನದು. 29ನೇ ರೋಜಾದ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ರೋಜಾ. ಸೌದಿಯಲ್ಲಿ ಈದ್ ಅಂತ ಟಿವಿಯಲ್ಲಿ ಬಂದರೂ ಇಲ್ಲಿ ಸಾಮಾನ್ಯವಾಗಿ ಮರುದಿನ. ಮುಂಬೈಯ ಭೇಂಡಿ ಬಜಾರಿನ ಕಡೆ ಇರುವ ದಾವೂದಿ ಬೋಹ್ರಾಗಳದ್ದು ಬೇರೆಯೇ ಪದ್ಧತಿ. ಅವರ ಪಂಚಾಂಗ ಲೆಕ್ಕದ ಮೇಲೆ ನಡೆಯುತ್ತದೆ, ರಂಜಾನ್ ಯಾವಾಗಲೂ 30 ದಿನ, ಹಬ್ಬ ಉಳಿದವರಿಗಿಂತ ಒಂದೆರಡು ದಿನ ಮುಂಚೆ ಬರುವುದು ವಾಡಿಕೆ. ಆದ್ದರಿಂದ ನಿಮ್ಮ ಮೇಡಂಗೆ ಹಿಂದಿನ ಸಂಜೆ "ಚಾಂದ್ ಕಾಣಿಸ್ತೇನ್ರಿ?" ಅಂತ ಕೇಳಿ. ಕಂಡಿದ್ದರೆ ಆಗಲೇ "ಚಾಂದ್ ಮುಬಾರಕ್" ಅನ್ನಬಹುದು. ಯುಗಾದಿಯಲ್ಲಿ ಎಳೆ ಚಂದ್ರನನ್ನು ಹುಡುಕುತ್ತ ಮಾಳಿಗೆ ಹತ್ತಿದವರಿಗೆ ಇದೇನೂ ಹೊಸದಲ್ಲ.

ಹಬ್ಬದ ದಿನ ಬೆಳಿಗ್ಗೆ ಫೋನ್ ಮಾಡಬೇಡಿ, ನಮಾಜು, ಮನೆಗೆ ಬಂದವರು, ಅಡುಗೆ ಅಂತ ಕೈ ಬಿಡುವಿರುವುದಿಲ್ಲ. ಒಂದು ಮೆಸೇಜು ಕಳಿಸಿ. ನಾನಾಗಿದ್ದರೆ ಇಷ್ಟು ಬರೆಯುತ್ತೇನೆ:

"ಮೇಡಂ, ಈದ್ ಮುಬಾರಕ್. ನಿಮಗೂ ಮನೆಯವರೆಲ್ಲರಿಗೂ ಹಬ್ಬ ಒಳ್ಳೆಯದಾಗಿ ಆಗಲಿ. ನಿಮ್ಮ ಇಬಾದತ್ ಕಬೂಲ್ ಆಗಲಿ."

ಅದನ್ನು ನೀವೇ ಟೈಪ್ ಮಾಡಿ. ಮಸೀದಿ, ಚಂದ್ರ, ಗುಲಾಬಿ ಇರುವ ಚಿತ್ರ ಅವರಿಗೆ ನೂರು ಬಂದಿರುತ್ತದೆ. ಆ ವರ್ಷ ಅವರ ಮನೆಯಲ್ಲಿ ಸಾವಾಗಿದ್ದರೆ ಈದ್ ಮುಬಾರಕ್ ಅನ್ನುವ ಬದಲು "ಹಬ್ಬದ ದಿನ ನಿಮ್ಮನ್ನು ನೆನೆಸಿಕೊಂಡೆ ಮೇಡಂ" ಅಂತ ಬರೆಯಿರಿ.

ಮರುದಿನ ಆಫೀಸಿನಲ್ಲಿ ಸಿಕ್ಕಾಗ ಬಾಯಿಮಾತಿನಲ್ಲೂ ಹೇಳಿ, ತಡವಾಯಿತು ಅಂತ ಸಂಕೋಚ ಬೇಡ. ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಈದ್ ಹೇಳುತ್ತಾರೆ. ನೀವು ಗಂಡಸಾಗಿದ್ದರೆ ಮೇಡಂ ಮುಂದೆ ಕೈ ಚಾಚಬೇಡಿ. ಬಲಗೈ ಎದೆಯ ಮೇಲಿಟ್ಟು ಸ್ವಲ್ಪ ತಲೆ ಬಾಗಿಸಿದರೆ ಸಾಕು, ಕೈ ಕುಲುಕುವುದು ಅವರಿಗೆ ಅಭ್ಯಾಸವಿದ್ದರೆ ಅವರೇ ಚಾಚುತ್ತಾರೆ. ಅವರು "ಖೈರ್ ಮುಬಾರಕ್" ಅನ್ನಬಹುದು, ನಿಮ್ಮ ಶುಭಾಶಯಕ್ಕೆ ಅದು ಉತ್ತರ. ಅದಕ್ಕೆ ಮತ್ತೊಂದು ಉತ್ತರ ಹುಡುಕಬೇಡಿ, ನಕ್ಕರಾಯಿತು.

ಸುರಕುಂಬಾ ಡಬ್ಬಿ ಬಂದರೆ ನೀವು ಸಸ್ಯಾಹಾರಿಯಾದರೂ ಅನುಮಾನವಿಲ್ಲದೆ ತಿನ್ನಿ. ಹಾಲು, ಶ್ಯಾವಿಗೆ, ಖರ್ಜೂರ, ತುಪ್ಪ, ಗೋಡಂಬಿ ಬಾದಾಮಿ, ಅಷ್ಟೇ ಇರುವುದು. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ, ಅದೇ ಸಂಜೆ ಚಂದ್ರ ಕಂಡು ಸೋಮವಾರ ಈದ್. ಮಂಗಳವಾರ ಕೊಂಢ್ವಾದವರು ನನಗಾಗಿ ಸುರಕುಂಬಾ ತಂದಿದ್ದರು. ತೊಳೆದ ಡಬ್ಬಿಯನ್ನು ಖಾಲಿ ಕೊಡಬಾರದು ಅಂತ ನನ್ನ ಹೆಂಡತಿ ಅದರಲ್ಲಿ ಆರು ಶೇಂಗಾ ಹೋಳಿಗೆ ಇಟ್ಟು ಕಳಿಸಿದಳು. ಅವರು ಮುಚ್ಚಳ ತೆಗೆದು ನೋಡಿ, "ಯುಗಾದಿ ಶುಭಾಶಯ ರೀ, ಮೊನ್ನೇನ ಹೇಳಬೇಕಿತ್ತು" ಅಂದರು.