ಸ್ನೂಕರ್, ಪೂಲ್: ಫೌಲ್‌ನಲ್ಲೇ ದೊಡ್ಡ ವ್ಯತ್ಯಾಸ

"ಮೈಸೂರಲ್ಲಿ ಪೂಲ್ ಆಡಿ ಅಭ್ಯಾಸ. ಸ್ನೂಕರ್‌ನಲ್ಲಿ ಏನೇನು ಬೇರೆ?"

ಟೇಬಲ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ನೂಕರ್‌ನದು 12 ಅಡಿ ಉದ್ದ, ಪೂಲ್‌ನದು ಸಾಮಾನ್ಯವಾಗಿ 7ರಿಂದ 9 ಅಡಿ. ಸ್ನೂಕರ್‌ನಲ್ಲಿ 15 ಕೆಂಪು, 6 ಬೇರೆ ಬಣ್ಣದವು, ಒಂದು ಬಿಳಿ. ನೀವು ಆಡುವುದು ಎಂಟು-ಬಾಲ್ ಪೂಲ್ ಇರಬೇಕು, ಅದರಲ್ಲಿ ಬಿಳಿ ಸೇರಿ 16.

ನೀವು ಎಡವುವುದು ಫೌಲ್‌ನಲ್ಲಿ. ಪೂಲ್‌ನಲ್ಲಿ ಬಿಳಿ ಪಾಕೆಟ್‌ಗೆ ಬಿದ್ದರೆ ಎದುರಾಳಿ ಅದನ್ನು ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಟ್ಟು ಹೊಡೆಯುತ್ತಾರೆ. ಸ್ನೂಕರ್‌ನಲ್ಲಿ ಅದನ್ನು ಟೇಬಲ್‌ನ ಒಂದು ತುದಿಯಲ್ಲಿ ಗೆರೆ ಎಳೆದ ಅರ್ಧವೃತ್ತದ, ಅಂದರೆ 'ಡಿ'ಯ ಒಳಗೇ ಇಡಬೇಕು, ಆದರೆ ಎದುರಾಳಿಗೆ ಅಂಕವೂ ಸಿಗುತ್ತದೆ. ಕೆಂಪಿಗೆ ಹೊಡೆಯುವಾಗ ಬಿಳಿ ಬಿದ್ದರೆ 4. ಕಪ್ಪಿಗೆ ಹೊಡೆಯುವಾಗ ಬಿದ್ದರೆ 7. ಕೆಂಪು ಹೊಡೆಯಬೇಕಾದಾಗ ಬಿಳಿ ಮೊದಲು ಕಪ್ಪಿಗೆ ತಾಗಿದರೂ 7 ಹೋಯಿತು!

ಇನ್ನೊಂದು, ಬಹಳ ಜನ ಗಮನಿಸುವುದಿಲ್ಲ. ಬಿಳಿಯನ್ನು ಮೆಲ್ಲಗೆ ಹೊಡೆದು, ನಿಮ್ಮ ಬಾಲಿಗೆ ಸುಮ್ನೆ ತಾಗಿಸಿ ಅಲ್ಲೇ ನಿಲ್ಲಿಸುತ್ತೀರಿ ಅನ್ನಿ. ಸ್ನೂಕರ್‌ನಲ್ಲಿ ಅದು ಒಳ್ಳೆಯ ರಕ್ಷಣೆಯ ಹೊಡೆತ. ಪೂಲ್‌ನಲ್ಲಿ ತಾಗಿದ ಮೇಲೆ ಯಾವುದಾದರೂ ಬಾಲ್ ಪಾಕೆಟ್ ಸೇರಬೇಕು, ಇಲ್ಲವೇ ಕುಶನ್ ಮುಟ್ಟಬೇಕು. ಮುಟ್ಟದಿದ್ದರೆ ಫೌಲ್. ನಮ್ಮ ಪಾರ್ಲರ್‌ಗಳಲ್ಲಿ ಈ ನಿಯಮ ಬಿಟ್ಟು ಆಡುವವರೇ ಜಾಸ್ತಿ, ಹಾಗಾಗಿ ಶುರು ಮಾಡುವ ಮುಂಚೆ ಕೇಳಿಕೊಳ್ಳಿ.